2 ನಿಮಿಷ 40ನೇ ಸೆಕೆಂಡಿನಲ್ಲಿ ಏನಾಯ್ತು?

"ಸ್ವಲ್ಪ ಕಾನ್ಫಿಡೆನ್ಸ್ ಬೇಕು ಮಾರಾಯ, ಕಸ್ಟಮರ್ ಹೇಳೋದನ್ನ ಸರಿಯಾಗಿ ಕೇಳು." ಈ ರಜೆಯಲ್ಲಿ ನಾವು ಮೂವರು ನಮ್ಮ ಜೂನಿಯರ್‌ಗೆ ಈ ಮಾತನ್ನ ಕಡಿಮೆ ಅಂದ್ರೂ ನಾಲ್ಕು ಸಲ ಹೇಳಿದ್ದೇವೆ. ಹೇಳಿದ್ದು ತಪ್ಪಲ್ಲ, ಆದರೆ ಅದರಿಂದ ಒಂದು ಪೈಸೆ ಉಪಯೋಗವೂ ಆಗ್ಲಿಲ್ಲ. ಹೊಸಬರಿಗೆ ಹೀಗೆ ಬುದ್ಧಿ ಹೇಳೋದನ್ನ ನಿಲ್ಲಿಸಿ, ಅವರದ್ದೇ ಕಾಲ್ ರೆಕಾರ್ಡಿಂಗ್ ಹಾಕಿ ಒಂದು ಜಾಗದಲ್ಲಿ ನಿಲ್ಲಿಸಬೇಕು ಅನ್ನೋದು ಈಗ ನಮ್ಮ ಅಭಿಪ್ರಾಯ.

ವಿಷಯ ಇಷ್ಟು. ಕುಂದಾಪುರದಲ್ಲಿ ಮನೆ ಮಾಡಿಗೆ ಸೋಲಾರ್ ಹಾಕಿಸುವ ಒಂದು ಅಂಗಡಿಗೆ ನಾವು ರಜೆಯ ಕೆಲಸಕ್ಕೆ ಹೋಗ್ತಿದ್ದೆವು. ವಿಚಾರಿಸಿದವರಿಗೆ ಫೋನ್ ಮಾಡಿ, ವಿವರ ಹೇಳಿ, ಮನೆ ನೋಡಲು ದಿನ ಗೊತ್ತು ಮಾಡೋದು ಕೆಲಸ. ಜೂನಿಯರ್ ಬ್ರಹ್ಮಾವರದವನು, ಮನೆಯಲ್ಲಿ ತುಳು. ಕಾಲ್ ರೆಕಾರ್ಡ್ ಮಾಡೋದಕ್ಕೆ ಮೊದಲೇ ಕೇಳಿ ಒಪ್ಪಿಗೆ ತಗೊಳ್ತೇವೆ. ನಮ್ಮ ಫೋನಿನ ಗೂಗಲ್ ಆ್ಯಪ್ ಅಂತೂ ರೆಕಾರ್ಡ್ ಆಗ್ತಿದೆ ಅಂತ ಎರಡೂ ಕಡೆಗೆ ಕೇಳೋ ಹಾಗೆ ತಾನೇ ಹೇಳಿಬಿಡುತ್ತದೆ, ಕದ್ದು ಮಾಡೋ ಪ್ರಶ್ನೆಯೇ ಇಲ್ಲ.

ಆ ಕಾಲ್ ಬೈಂದೂರು ಕಡೆಯ ಒಬ್ಬರು ಅಮ್ಮನದ್ದು. ಒಟ್ಟು ಆರು ನಿಮಿಷ. ಮುಗಿದ ಮೇಲೆ ಇವನು ಶೀಟಿನಲ್ಲಿ "ಆಸಕ್ತಿ ಇದೆ, ನಾಳೆ ಕಾಲ್" ಅಂತ ಬರೆದಿದ್ದ. ಮರುದಿನ ಅವರು ಫೋನೇ ಎತ್ತಲಿಲ್ಲ. ಇದು ಆ ವಾರದಲ್ಲಿ ಐದನೆಯದ್ದು. "ನಂಗೆ ಇದು ಆಗೋದಲ್ಲ, ಬಿಡ್ತೇನೆ" ಅಂದ. ನಾವು ಮತ್ತೆ ಕಾನ್ಫಿಡೆನ್ಸ್ ಪಾಠ ಹೇಳಿದೆವು. ಪರಿಣಾಮ ಏನು ಗೊತ್ತಾ? ಮುಂದಿನ ಕಾಲ್‌ನಲ್ಲಿ ಅದನ್ನೇ ಇನ್ನೂ ಜೋರಾಗಿ, ಇನ್ನೂ ಫಾಸ್ಟಾಗಿ ಹೇಳಿದ.

ಆಮೇಲೆ ನಾವು ಆ ರೆಕಾರ್ಡಿಂಗನ್ನ ಮೊದಲು ನಾವೇ ಪೂರ್ತಿ ಕೇಳಿದೆವು. ಅವನನ್ನ ಎದುರಿಗೆ ಕೂರಿಸಿ ಮೊದಲ ಸಲ ಕೇಳಬಾರದು. ಕೇಳ್ತಾ ಕೇಳ್ತಾ ಕಂಡ ತಪ್ಪೆಲ್ಲ ಬಾಯಿಗೆ ಬರುತ್ತದೆ. ನಮಗೆ ಹನ್ನೊಂದು ತಪ್ಪು ಸಿಕ್ಕಿತು. ಅದರಲ್ಲಿ ಒಂದನ್ನ ಇಟ್ಟುಕೊಂಡು ಹತ್ತನ್ನ ಬಿಟ್ಟೆವು. ಜೊತೆಗೆ ಚೆನ್ನಾಗಿ ಮಾಡಿದ ಒಂದು ಜಾಗ ಹುಡುಕಿದೆವು. ಹೊಗಳೋದಕ್ಕೆ ಅಲ್ಲ, ಅದು ಅವನಿಗೆ ಬರುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ, ಅದಕ್ಕೆ.

ಆ ಒಳ್ಳೆಯ ಜಾಗ 1:35ರಲ್ಲಿ. ಅಮ್ಮ "ನಮ್ಗೆ ಬಿಲ್ಲೇ ಬತ್ತಿಲ್ಲೆ ಅಲ್ದಾ, ಸೋಲಾರ್ ಎಂತಕ್ಕೆ?" ಅಂತಾರೆ. ಗೃಹಜ್ಯೋತಿ ಬಂದ ಮೇಲೆ ನಮ್ಮ ಕಡೆ ಪ್ರತಿ ಎರಡನೇ ಕಾಲ್‌ನಲ್ಲಿ ಈ ಪ್ರಶ್ನೆ ಇದೆ. ಇವನು ವಾದ ಮಾಡದೆ, "ಬಿಲ್ಲಲ್ಲಿ ಎಷ್ಟು ಯೂನಿಟ್ ಅಂತ ಬರ್ದಿದ್ದಾರೆ ಅಮ್ಮ?" ಅಂತ ಕೇಳಿದ. ಅದೇ ಸರಿಯಾದ ಪ್ರಶ್ನೆ. ಆ ಯೋಜನೆ 200 ಯೂನಿಟ್ ಒಳಗಿನವರಿಗೆ ಮಾತ್ರ, ಅದೂ ಹಿಂದಿನ ಸರಾಸರಿಯ ಮೇಲೆ ಶೇಕಡಾ 10 ಅಂತ ಲೆಕ್ಕ. ಹಾಗಾಗಿ ಬಿಲ್ ನಿಜವಾಗಿ ಸೊನ್ನೆಯೇ ಬರೋ ಮನೆಗೆ ಸೋಲಾರ್ ಮಾರೋದೇ ಬೇಡ ಅಂತ ನಮ್ಮ ಅನಿಸಿಕೆ. (ಅಂಗಡಿಯವರಿಗೆ ಇದನ್ನ ಹೇಳಿಲ್ಲ.) ಈ ಅಮ್ಮನ ಮನೆಯಲ್ಲಿ ಎಸಿ ಬಂದ ಮೇಲೆ 200 ದಾಟ್ತಾ ಇತ್ತು.

ಈಗ 2:40. ಆ ಸೆಕೆಂಡಿಗೆ ನೇರ ಹೋಗಲಿಲ್ಲ, 20 ಸೆಕೆಂಡ್ ಹಿಂದಿನಿಂದ ಹಾಕಿದೆವು, ಮಾತು ಎಲ್ಲಿಂದ ಬಂತು ಅಂತ ಗೊತ್ತಾಗಬೇಕಲ್ಲ. ಇವನು ಸಬ್ಸಿಡಿ ಲೆಕ್ಕ ಹೇಳ್ತಿದ್ದಾನೆ: ಪಿಎಂ ಸೂರ್ಯಘರ್‌ನಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್ ಆದರೆ ಒಟ್ಟು 78,000. ನಡುವೆ ಅಮ್ಮ ಮೆಲ್ಲಗೆ, "ಮೀಟ್ರ್ ಇವ್ರ ಹೆಸ್ರಂಗೇ ಇತ್ತ್. ಇವ್ರ್ ತೀರ್ಕಂಡ್ ನಾಕ್ ವರ್ಷ ಆಯ್ತ್" ಅಂತಾರೆ. ಇವನು, "ಓಕೆ ಓಕೆ, ತೊಂದ್ರೆ ಇಲ್ಲ ಅಮ್ಮ. ಮಾಡು ಎಷ್ಟು ಸ್ಕ್ವೇರ್ ಫೀಟ್ ಇದೆ?"

ಅಲ್ಲಿ ನಿಲ್ಲಿಸಿದೆವು. ತಪ್ಪು ಏನು ಅಂತ ಹೇಳಲಿಲ್ಲ. "ಇಲ್ಲಿ ಅವರು ಏನು ಹೇಳಿದ್ರು?" ಅಂತ ಅಷ್ಟೇ ಕೇಳಿದೆವು. "ಮೀಟರ್ ಬಗ್ಗೆ ಏನೋ" ಅಂದ. ಇನ್ನೊಮ್ಮೆ ಹಾಕಿದೆವು. ಈ ಸಲ ಅವನ ಮುಖ ಸಣ್ಣದಾಯ್ತು. ಗಂಡ ತೀರಿಹೋದ ವಿಷಯಕ್ಕೆ "ಓಕೆ ಓಕೆ" ಅಂದಿದ್ದೇನೆ ಅಂತ ಅವನಿಗೆ ಆಗಲೇ ಗೊತ್ತಾದದ್ದು.

ಮರ್ಯಾದೆ ಒಂದು ಕಡೆ ಇರಲಿ, ಕೆಲಸಕ್ಕೂ ಅದೇ ಮುಖ್ಯ ಮಾತು. ಸಬ್ಸಿಡಿ ಅರ್ಜಿ ಮೆಸ್ಕಾಂನ ಸಂಪರ್ಕದ ನಂಬರಿನ ಮೇಲೆ ಹೋಗುತ್ತದೆ, ಪ್ಯಾನಲ್ ಹಾಕಿ ಪರಿಶೀಲನೆ ಆದ ಮೇಲೆ ದುಡ್ಡು ಬ್ಯಾಂಕ್ ಖಾತೆಗೆ ಬರುತ್ತದೆ. ಮೀಟರ್ ತೀರಿಹೋದವರ ಹೆಸರಲ್ಲೇ ಇದ್ದರೆ ಮೊದಲು ಹೆಸರು ಬದಲಾವಣೆ ಆಗಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಎಲ್ಲ ಬೇಕು. ಅಡ್ವಾನ್ಸ್ ಕೊಟ್ಟಾದ ಮೇಲೆ ಇದು ಗೊತ್ತಾದರೆ ಸಿಕ್ಕಿಬೀಳೋದು ಆ ಅಮ್ಮ. "ತೊಂದ್ರೆ ಇಲ್ಲ" ಅಂತ ಇವನು ಹೇಳಿದ್ದು ಸುಳ್ಳು ಭರವಸೆ, ಗೊತ್ತಿಲ್ಲದೆ ಕೊಟ್ಟದ್ದಾದರೂ.

ನಾವು ಎರಡನೇ ಪ್ರಶ್ನೆ ಕೇಳಿದೆವು: "ಆ ಹೊತ್ತಿಗೆ ನಿನ್ನ ಕಣ್ಣು ಎಲ್ಲಿತ್ತು?" ಶೀಟಿನ ಮೇಲೆ, ಅಂದ. ಶೀಟಿನಲ್ಲಿ ಸಬ್ಸಿಡಿ ಆದ ಮೇಲೆ ಮಾಡಿನ ಅಳತೆ ಇತ್ತು. ಮೀಟರ್ ಯಾರ ಹೆಸರಲ್ಲಿದೆ ಅನ್ನೋದು ಕೊನೆಯಿಂದ ಎರಡನೆಯದು. ಅಮ್ಮ ಅದನ್ನ ಬೇಗ ಹೇಳಿಬಿಟ್ಟರು, ಇವನ ಪ್ರಕಾರ ಅದರ ಸರದಿ ಇನ್ನೂ ಬಂದಿರಲಿಲ್ಲ. ಆ ಶೀಟ್ ಮಾಡಿಕೊಟ್ಟವರು ನಾವೇ! ಕಾನ್ಫಿಡೆನ್ಸ್ ಇಲ್ಲ ಅಂತ ನಾವು ಹೇಳ್ತಿದ್ದ ಕಾಯಿಲೆ ಅವನಲ್ಲಿ ಇರಲೇ ಇಲ್ಲ. ಕೇಳದೇ ಇದ್ದಿದ್ದರೆ ಇದು ನಮಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಹೆಸರಿನ ಪ್ರಶ್ನೆಯನ್ನ ಸಬ್ಸಿಡಿಗಿಂತ ಮೇಲೆ ತಂದೆವು. ಆ ಮಾತು ಮತ್ತೆ ಬಂದರೆ ಏನು ಹೇಳ್ತಿ ಅಂತ ಅವನ ಬಾಯಿಂದಲೇ ಮೂರು ಸಲ ಹೇಳಿಸಿದೆವು. ಮೂರನೇ ಸಲಕ್ಕೆ ಮಾತು ಅವನದ್ದಾಯ್ತು.

ಕೊನೆಯಲ್ಲಿ ಅಮ್ಮ "ಮಗ ಮುಂಬೈಯಂಗಿತ್ತ, ಕೇಂಡ್ ಹೇಳ್ತೆ, ಕಾಂಬ" ಅಂದದ್ದನ್ನೂ ಇವನು ಆಸಕ್ತಿ ಅಂತ ಬರೆದಿದ್ದ. ನಮ್ಮ ಕುಂದಾಪ್ರ ಕಡೆ "ಕಾಂಬ" ಅಂದರೆ "ನೋಡುವ" ಹೌದು, ಆದರೆ ದಿನ ಹೇಳದೆ ಹೇಳಿದ "ಕಾಂಬ" ಹೆಚ್ಚಾಗಿ ಬೇಡ ಅಂತಲೇ. ಇದನ್ನ ಅವತ್ತು ಹೇಳಲಿಲ್ಲ. ಬಿಟ್ಟ ಹತ್ತರಲ್ಲಿ ಅದೂ ಒಂದು. ಹೇಳಿದ್ದರೆ 2:40 ಅವನ ತಲೆಯಿಂದ ಜಾರುತ್ತಿತ್ತು.

ಇದರಲ್ಲಿ ಕಷ್ಟಗಳಿವೆ. ಒಂದು ಕಾಲ್‌ನಲ್ಲಿ ಕಂಡದ್ದು ಅಭ್ಯಾಸವೋ ಅಕಸ್ಮಾತ್ತೋ ಅಂತ ಹೇಳಲಾಗದು. ನಾವು ಅವನ ಇನ್ನೂ ಎರಡು ಕಾಲ್ ಕೇಳಿದೆವು, ಎರಡರಲ್ಲೂ ಶೀಟ್ ಓದೋ ಆತುರ ಅದೇ ಜಾಗದಲ್ಲಿತ್ತು. ಎಲ್ಲರ ಎದುರು ಹಾಕೋದು ಖಂಡಿತ ಬೇಡ. ನಮ್ಮಲ್ಲೊಬ್ಬ ಆ ಕ್ಲಿಪ್ಪನ್ನ ವಾಟ್ಸಾಪ್ ಗ್ರೂಪಿಗೆ ಹಾಕುವ ಅಂದಿದ್ದ. ಆ ಅಮ್ಮ ಒಪ್ಪಿದ್ದು ರೆಕಾರ್ಡಿಗೆ, ತನ್ನ ಮನೆಯ ಸಾವಿನ ಸುದ್ದಿ ಗ್ರೂಪಲ್ಲಿ ಓಡಾಡೋದಕ್ಕಲ್ಲ. ಕೇಳಿ ಆದ ಮೇಲೆ ಅಳಿಸಿದೆವು.

ಒಂದು ವಾರ ಬಿಟ್ಟು ಅವನು ಅವರಿಗೆ ಮತ್ತೆ ಫೋನ್ ಮಾಡಿದ. ಸೋಲಾರ್ ಬಗ್ಗೆ ಮಾತೇ ಎತ್ತಲಿಲ್ಲ. "ಅಮ್ಮ, ಅವತ್ತು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ" ಅಂತ ಶುರು ಮಾಡಿ, ಮೆಸ್ಕಾಂ ಆಫೀಸಿಗೆ ಯಾವ ಕಾಗದ ತಗೊಂಡು ಹೋಗಬೇಕು ಅಂತ ಹೇಳಿದ. ಅವರು ಬರ್ಕೊಳ್ಳೋದಕ್ಕೆ ಪೆನ್ನು ಹುಡುಕುವವರೆಗೆ ಸುಮ್ಮನೆ ಕಾದ, ರೆಕಾರ್ಡಿಂಗಲ್ಲಿ 38 ಸೆಕೆಂಡ್ ಬರೀ ಫ್ಯಾನಿನ ಸದ್ದು. ಶೀಟಿನಲ್ಲಿ ಈ ಸಲ "ಹೆಸರು ಬದಲಾವಣೆ ಬಾಕಿ, ಮಗ ಬಂದ ಮೇಲೆ ಅವರೇ ಫೋನ್ ಮಾಡ್ತಾರೆ" ಅಂತ ಬರೆದಿದ್ದಾನೆ.