ಹಳೆಯ ಗರಿ, ಹೊಸ ಅಕ್ಷರ

ಓಲೆಗರಿಯ ಪ್ರಾಚೀನತೆಯನ್ನು ಅದರ ಜೀರ್ಣತೆಯಿಂದ ಅಳೆಯುವ ರೂಢಿ ಇನ್ನೂ ಅಳಿದಿಲ್ಲ. ಕಂದಿದ ಬಣ್ಣ, ಹುಳು ತಿಂದ ತೂತು, ಮುರಿದ ಅಂಚುಗಳನ್ನು ಕಂಡೊಡನೆ ನೋಡುವವರ ಮನಸ್ಸು ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆ. ನಕಲಿ ಪ್ರತಿಗಳನ್ನು ಮಾರುವವರ ಬಂಡವಾಳವೂ ಇದೇ.

ಗರಿಗೆ ಮುಪ್ಪು ಬರಿಸುವುದು ಕಷ್ಟದ ಕೆಲಸವಲ್ಲ. ಚಹದ ಕಷಾಯದಲ್ಲಿ ನೆನೆಸಿದರೆ ಅಥವಾ ಹೊಗೆಯಲ್ಲಿ ತೂಗುಹಾಕಿದರೆ ಬಣ್ಣ ಕಂದುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ದ್ರಾವಣವನ್ನು ಸವರಿದರೆ ನಾರಿನ ಮೇಲೆ ಕಂದು ಬಣ್ಣದ ಶೇಷ ಉಳಿಯುತ್ತದೆ. ಆದರೆ ಹಲಗೆಗಳ ನಡುವೆ ಬಿಗಿದಿಟ್ಟ ಕಟ್ಟಿನಲ್ಲಿ ಗಾಳಿ, ಧೂಳು, ಕೈಬೆವರು ಹೆಚ್ಚಾಗಿ ತಾಗುವುದು ಅಂಚುಗಳಿಗೆ ಮತ್ತು ಹೊರಗಿನ ಗರಿಗಳಿಗೆ. ಹಾಗಾಗಿ ಒಳಗರಿಗಳ ನಡುಭಾಗ ತುಸು ತಿಳಿಯಾಗಿಯೇ ಉಳಿಯುವುದು ಸಹಜ. ನೆನೆಸಿದ ಕಟ್ಟಿನಲ್ಲಿ ಎಲ್ಲ ಗರಿಗಳೂ ಒಂದೇ ಬಗೆಯಾಗಿ ಕಂದಿರುತ್ತವೆ. ತೂತುಗಳಿಗೂ ಇಂಥದೇ ಲಕ್ಷಣವುಂಟು. ಹುಳು ಅಂಕುಡೊಂಕಾಗಿ ಕೊರೆಯುತ್ತದೆ. ಅದರ ದಾರಿ ಒಂದು ಗರಿಯಿಂದ ಮುಂದಿನ ಗರಿಗೆ ತುಸು ತುಸುವೇ ಸರಿಯುತ್ತದೆ. ಸೂಜಿಯ ಅಥವಾ ಬೈರಿಗೆಯ ತೂತು ದುಂಡಗೆ, ನೇರವಾಗಿ ಇಳಿಯುತ್ತದೆ.

ಇವುಗಳಿಗಿಂತ ಅಪಾಯಕಾರಿಯಾದದ್ದು ನಿಜವಾಗಿಯೂ ಹಳೆಯದಾದ ಖಾಲಿ ಗರಿಯ ಮೇಲೆ ಹೊಸದಾಗಿ ಕೊರೆದ ಅಕ್ಷರ. ಅಲ್ಲಿ ಬಣ್ಣವೂ ನಿಜ, ತೂತೂ ನಿಜ. ಇಂಗಾಲ ಕಾಲಮಾಪನವೂ ಮರದಿಂದ ಗರಿ ಕತ್ತರಿಸಿದ ಕಾಲವನ್ನು ಸೂಚಿಸುತ್ತದೆಯೇ ಹೊರತು ಕಂಟದಿಂದ ಬರೆದ ಕಾಲವನ್ನಲ್ಲ. ಆಗ ಉಳಿಯುವ ಸಾಕ್ಷಿಯೆಂದರೆ ತೂತಿಗೂ ಅಕ್ಷರಕ್ಕೂ ಇರುವ ಸಂಬಂಧ.

ಶಕವರ್ಷ 1350, ಅಂದರೆ ಕ್ರಿ.ಶ. 1428ರ ಸುಮಾರಿನ ಪುಷ್ಪಿಕೆಯುಳ್ಳ ಪುರಾಣದ ಕಟ್ಟೊಂದನ್ನು ಕಲ್ಪಿಸಿಕೊಳ್ಳಬಹುದು. ಅದರ 12, 13, 14ನೆಯ ಗರಿಗಳಲ್ಲಿ ಒಂದೇ ಹುಳುವಿನ ದಾರಿ ಮುಂದುವರಿದಿದೆ. ಬರೆದ ಮೇಲೆ ಹುಳು ತಿಂದಿದ್ದರೆ ಅದು ಅಕ್ಷರಗಳನ್ನೂ ತಿಂದಿರಬೇಕು, ಸಂಪಾದಕ ಲುಪ್ತಾಕ್ಷರಗಳನ್ನು ಊಹಿಸಬೇಕು. ಆದರೆ ಮೂರು ಗರಿಗಳಲ್ಲಿಯೂ ಅಕ್ಷರಗಳು ತೂತನ್ನು ಬಳಸಿಕೊಂಡು ಹೋಗಿದ್ದು, ಪಾಠದಲ್ಲಿ ಒಂದಕ್ಷರವೂ ಲೋಪವಾಗಿಲ್ಲವೆಂದರೆ ತೂತು ಮೊದಲು, ಬರಹ ಆಮೇಲೆ. ದಾರದ ರಂಧ್ರದ ಸುತ್ತ ಬಿಡುವ ಜಾಗವನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಅದು ಲಿಪಿಕಾರರ ವಾಡಿಕೆ. ಗರಿ ಒಣಗಿ ಪೆಡಸಾದ ಮೇಲೆ ಕೊರೆದಿದ್ದರೆ ಗೀರಿನ ಅಂಚು ನಯವಾಗಿರದೆ ಸೀಳಿರುವುದೂ ಉಂಟು. ಮಸೂರದ ಕೆಳಗೆ ಅದು ಕಾಣುತ್ತದೆ.

ಇಷ್ಟರಿಂದಲೇ ಕಟ್ಟನ್ನು ನಕಲಿಯೆಂದು ತೀರ್ಮಾನಿಸಲಾಗದು. ಬಡ ಲಿಪಿಕಾರನೊಬ್ಬ ಹುಳುಬಿದ್ದ ಗರಿಯನ್ನೇ ಬಳಸಿರಬಹುದು. ಮಾತೃಕೆಯ ಪುಷ್ಪಿಕೆಯನ್ನು ಶಕವರ್ಷದೊಡನೆ ಪ್ರಾಮಾಣಿಕವಾಗಿಯೇ ಪ್ರತಿಮಾಡಿರಬಹುದು. ಖಚಿತವಾಗುವುದು ಇಷ್ಟೇ: ಬರಹದ ಕಾಲಕ್ಕೆ ಈ ತೂತುಗಳು ಸಾಕ್ಷಿಯಾಗಲಾರವು. ಲಿಪಿ ಮತ್ತು ಭಾಷೆಗಳೇ ಆ ಭಾರವನ್ನು ಹೊರಬೇಕು.

ಹಸ್ತಪ್ರತಿ ಸೂಚಿಗಳು ಗರಿಗಳ ಉದ್ದಗಲ, ಸಂಖ್ಯೆ, ಸಾಲುಗಳನ್ನು ನಮೂದಿಸಿ, ಉಳಿದುದಕ್ಕೆ ‘ಜೀರ್ಣ’ ಎಂಬ ಒಂದು ಪದವನ್ನಿಟ್ಟು ಮುಗಿಸುವುದುಂಟು. ಹುಳು ಅಕ್ಷರವನ್ನು ತಿಂದಿದೆಯೋ, ಅಕ್ಷರವೇ ತೂತನ್ನು ತಪ್ಪಿಸಿಕೊಂಡಿದೆಯೋ ಎಂಬ ಒಂದು ಸಾಲನ್ನು ಅಲ್ಲಿ ಸೇರಿಸಬೇಕು. ಆ ಸಾಲಿಲ್ಲದ ಪುಷ್ಪಿಕೆಯನ್ನು ನಂಬಿ ಕವಿಯ ಕಾಲವನ್ನು ನಿರ್ಣಯಿಸಿದರೆ, ಮೋಸ ಮಾರಾಟಗಾರನ ಅಂಗಡಿಯಲ್ಲಿ ನಿಲ್ಲದೆ ಸಾಹಿತ್ಯ ಚರಿತ್ರೆಯೊಳಗೂ ಬರುತ್ತದೆ.