‘ತುಂಬಾ’ ಅಂದ್ರೆ ಎಷ್ಟು ಸ್ವಾಮಿ?

ಸುಮಾರು ದಿನ ಆಯ್ತು ಇಲ್ಲಿ ಏನೂ ಬರೆಯದೆ. ಈಗ ಬರೆಯೋಕೆ ಕಾರಣ ಸಿಟ್ಟು. ಅದೂ ಒಂದೇ ಒಂದು ವಾಕ್ಯದ ಮೇಲೆ.

ಚಿಕ್ಕಮ್ಮನ ಮಗಳು ಎಂ.ಎ. ಮಾಡ್ತಿದಾಳೆ. ‘ಅಣ್ಣಾ, ಸ್ವಲ್ಪ ಸ್ಪೆಲ್ಲಿಂಗ್ ನೋಡ್ಕೊಡೋ’ ಅಂತ ಪ್ರಬಂಧ ಕಳಿಸಿದ್ಲು. ಮೊದಲ ಪುಟದಲ್ಲೇ ಹೀಗಿತ್ತು: ‘ಇತ್ತೀಚಿನ ವರ್ಷಗಳಲ್ಲಿ ನಮ್ಮ ಸಮಾಜದಲ್ಲಿ ಸಾಕ್ಷರತೆಯು ತುಂಬಾ ಹೆಚ್ಚಾಗಿದ್ದು, ಇದಕ್ಕೆ ಹಲವಾರು ವಿಷಯಗಳು ಕಾರಣವಾಗಿವೆ.’ ಕಾಗುಣಿತ ತಪ್ಪಿಲ್ಲ. ಆದ್ರೆ ಇದರಲ್ಲಿ ತಪ್ಪು ಅಂತ ಸಾಬೀತು ಮಾಡೋಕಾಗುವ ಒಂದು ಪದವೂ ಇಲ್ಲ! ನಮ್ಮ ಆಫೀಸಿನಲ್ಲಿ ಯಾರಾದ್ರೂ ‘ಸಾಫ್ಟ್‌ವೇರ್ ಸರಿಯಾಗಿ ಕೆಲಸ ಮಾಡ್ತಿಲ್ಲ’ ಅಂತ ಇಷ್ಟೇ ಬರೆದು ಬಗ್ ಹಾಕಿದ್ರೆ ವಾಪಸ್ ಕಳಿಸ್ತೀವಿ. ಇದನ್ನ ಅವಳ ಗೈಡು ‘ಭಾಷೆ ಇನ್ನಷ್ಟು ಗಂಭೀರವಾಗಿರಲಿ’ ಅಂತ ಕೆಂಪು ಶಾಯಿಯಲ್ಲಿ ಬರೆದು ಬಿಟ್ಟಿದ್ರು. ಅವಳು ‘ತುಂಬಾ’ ಹೊಡೆದು ‘ಗಣನೀಯವಾಗಿ’ ಅಂತ ತಿದ್ದಿದ್ಲು.

ನನ್ನ ಜಗಳ ಇರೋದು ಇಲ್ಲೇ. ಸಂಸ್ಕೃತ ಪದ ಹಾಕಿದ್ರೆ ಶಾಸ್ತ್ರೀಯ ಆಗುತ್ತೆ ಅನ್ನೋ ಭ್ರಮೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಗಣನೀಯ ಅಂದ್ರೆ ಎಣಿಸಬಹುದಾದದ್ದು ತಾನೇ? ಹಾಗಾದ್ರೆ ಎಣಿಸಿ ಹೇಳಿ!

ಎಣಿಸೋಣ ಅಂತ ಇಬ್ರೂ ಕೂತ್ವಿ. ಜನಗಣತಿ ಪ್ರಕಾರ ಕರ್ನಾಟಕದ ಸಾಕ್ಷರತೆ 2001ರಲ್ಲಿ ಶೇ. 66.64 ಇದ್ದದ್ದು 2011ರಲ್ಲಿ ಶೇ. 75.36 ಆಯ್ತು. ‘ಅಂದ್ರೆ ಶೇ. 8.72 ಹೆಚ್ಚಾಯ್ತು’ ಅಂದ್ಲು. ಅಲ್ಲ, 8.72 ಶೇಕಡಾಂಶ ಹೆಚ್ಚಾಯ್ತು. 66.64ಕ್ಕೆ ಹೋಲಿಸಿದ್ರೆ ಏರಿಕೆ ಸುಮಾರು ಶೇ. 13. ಎರಡೂ ನಿಜ, ಆದ್ರೆ ಯಾವುದನ್ನ ಹೇಳ್ತಿದೀವಿ ಅಂತ ಹೇಳದಿದ್ರೆ ಓದುಗರಿಗೆ ಮೋಸ.

ಆಮೇಲೆ ‘ಸಮಾಜ’. ಯಾರ ಸಮಾಜ? ಈ ಅಂಕಿ 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರದ್ದು ಮಾತ್ರ. ಯಾವುದಾದ್ರೂ ಒಂದು ಭಾಷೇಲಿ ಅರ್ಥ ಮಾಡ್ಕೊಂಡು ಓದೋಕೆ, ಬರೆಯೋಕೆ ಬಂದ್ರೆ ಸಾಕ್ಷರ, ಅಷ್ಟೇ. ಗಣತಿಗೆ ಬಂದವರು ಸಾಮಾನ್ಯವಾಗಿ ಪರೀಕ್ಷೆ ಮಾಡಲ್ಲ, ಮನೆಯವರು ಹೇಳಿದ್ದನ್ನ ಬರ್ಕೋತಾರೆ. ಇನ್ನು ಅದೇ 2011ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 88.57, ಯಾದಗಿರಿ ಶೇ. 51.83. ಇವೆರಡನ್ನೂ ‘ನಮ್ಮ ಸಮಾಜ’ ಅನ್ನೋ ಒಂದೇ ಚೀಲಕ್ಕೆ ತುಂಬಿದ್ರೆ ಯಾದಗಿರಿ ಮಾಯ ಆಗುತ್ತೆ. ಅವಳ ಪ್ರಬಂಧ ಇದ್ದದ್ದೇ ಯಾದಗಿರಿ ಬಗ್ಗೆ!

‘ಸಮಾಜ ಅನ್ನೋ ಪದವೇ ಬೇಡವಾ ಹಾಗಿದ್ರೆ? ನಾನು ಓದ್ತಿರೋದೇ ಸಮಾಜಶಾಸ್ತ್ರ’ ಅಂತ ರೇಗಿದ್ಲು. ಬೇಕು. ಆದ್ರೆ ಅವಳದೇ ಸಿಲೆಬಸ್ಸಿನಲ್ಲಿರೋ ಎಂ. ಎನ್. ಶ್ರೀನಿವಾಸ್ ಅವರನ್ನ ನೋಡಿ. ಮೈಸೂರು ಸೀಮೆಯ ಒಂದು ಹಳ್ಳೀಲಿ ಇದ್ದು ಬಂದು, ‘ಹಳ್ಳಿಯ ಸಮಾಜ ಹಿಡಿತ ಇಟ್ಕೊಂಡಿದೆ’ ಅಂತ ಬರೆದು ಸುಮ್ಮನಾಗಲಿಲ್ಲ. ‘ಪ್ರಬಲ ಜಾತಿ’ ಅಂದ್ರು. ಜನಸಂಖ್ಯೆ, ಜಮೀನು ಮತ್ತು ಅಧಿಕಾರ, ಜಾತಿ ಶ್ರೇಣಿಯಲ್ಲಿ ತೀರಾ ಕೆಳಗಿಲ್ಲದ ಸ್ಥಾನ ಅಂತ ಗುರುತುಗಳನ್ನೂ ಕೊಟ್ರು. ಹಾಗಾಗಿಯೇ ಬೇರೆಯವರು ಇನ್ನೊಂದು ಹಳ್ಳಿಗೆ ಹೋಗಿ ‘ಇಲ್ಲಿ ಹಾಗಿಲ್ಲ’ ಅಂತ ವಾದ ಹೂಡೋಕೆ ಆಯ್ತು. ‘ಸಮಾಜ’ದ ಜೊತೆ ಯಾರು ವಾದ ಮಾಡ್ತಾರೆ?

ಕೊನೆಗೆ ‘ಹಲವಾರು ವಿಷಯಗಳು’. ಯಾವುವು ಅಂತ ಕೇಳಿದೆ. ‘ಬಿಸಿಯೂಟ’ ಅಂದ್ಲು. ಹೇಗೆ ಗೊತ್ತು? ಇಬ್ಬರು ಮೇಷ್ಟ್ರನ್ನ ಮಾತಾಡಿಸಿದ್ಲಂತೆ, ಬಿಸಿಯೂಟ ಶುರುವಾದ ಮೇಲೆ ಮಕ್ಕಳು ತಪ್ಪದೆ ಬರ್ತಾರೆ ಅಂದ್ರಂತೆ. ಸರಿ, ಅದು ಹಾಜರಾತಿ, ಸಾಕ್ಷರತೆ ಅಲ್ಲ. ಇಬ್ಬರ ಮಾತು, ಇಡೀ ರಾಜ್ಯದ ಕಾರಣ ಅಲ್ಲ. ‘ವಿಷಯಗಳು’ ಅನ್ನೋ ಪದ ಇಷ್ಟನ್ನೂ ಅಡಗಿಸಿ ಇಟ್ಟಿತ್ತು.

ಕೊನೆಗೆ ಉಳಿದದ್ದು ಇದು: ‘ಜನಗಣತಿಯ ಪ್ರಕಾರ 2001 ಮತ್ತು 2011ರ ನಡುವೆ ಕರ್ನಾಟಕದಲ್ಲಿ 7 ವರ್ಷ ಮತ್ತು ಮೇಲ್ಪಟ್ಟವರ ಸಾಕ್ಷರತೆ ಪ್ರಮಾಣ ಶೇ. 66.64ರಿಂದ ಶೇ. 75.36ಕ್ಕೆ ಏರಿತು, ಆದರೆ 2011ರಲ್ಲಿ ಯಾದಗಿರಿ ಜಿಲ್ಲೆಯ ಪ್ರಮಾಣ ಶೇ. 51.83 ಮಾತ್ರ. ನಾನು ಮಾತಾಡಿಸಿದ ಇಬ್ಬರು ಶಿಕ್ಷಕರೂ ಬಿಸಿಯೂಟ ಆರಂಭವಾದ ಮೇಲೆ ತಮ್ಮ ಶಾಲೆಯ ಹಾಜರಾತಿ ಹೆಚ್ಚಿತು ಎಂದರು.’ ಒಂದೂ ಭಾರೀ ಪದ ಇಲ್ಲ ನೋಡಿ. ಇಷ್ಟೊಂದು ಅಂಕಿ ಪ್ರತಿ ವಾಕ್ಯದಲ್ಲೂ ಬೇಕಿಲ್ಲ, ಒಪ್ತೀನಿ. ಗೊತ್ತಿಲ್ಲದ ಕಡೆ ಸುಳ್ಳು ಅಂಕಿ ಹಾಕೋದಕ್ಕಿಂತ ‘ತುಂಬಾ’ನೇ ವಾಸಿ.

ಪ್ರಬಂಧ ಹೀಗೇ ಸಲ್ಲಿಸಿದ್ಲು. ‘ಇಬ್ಬರು’ ಅಂತ ಬರೆದ್ರೆ ಕಡಿಮೆ ಅನ್ಸುತ್ತೆ, ‘ಹಲವರು’ ಅಂತ ಮಾಡಮ್ಮ ಅಂದ್ರಂತೆ ಗೈಡು. ಅವಳು ಮಾಡಲಿಲ್ಲ. ಇನ್ನೂ ಮೂರು ಶಾಲೆಗೆ ಹೋಗಿ ಬರ್ತೀನಿ ಅಂತ ಬಸ್ಸು ಹತ್ತಿದಾಳೆ :)