ಕಮಿಷನ್ ಯಾವ ಕೆಲಸಕ್ಕೆ ಸಲ್ಲುವ ಕೂಲಿ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಹಲವರು ಈಗ ಮ್ಯೂಚುವಲ್ ಫಂಡ್‌ಗಳಲ್ಲಿ ಹಣ ತೊಡಗಿಸಿದ್ದಾರೆ. "ರೆಗ್ಯುಲರ್ ಬಿಟ್ಟು ಡೈರೆಕ್ಟ್‌ಗೆ ಹೋಗಬೇಕೇ, ಸಾರ್?" ಎಂಬ ಪ್ರಶ್ನೆ ಆಗಾಗ ಬರುತ್ತದೆ. ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಉತ್ತರವನ್ನು ಶೇಕಡಾ ಲೆಕ್ಕದಲ್ಲಿ ಹುಡುಕದೆ ರೂಪಾಯಿಗಳಲ್ಲಿ ಹುಡುಕಬೇಕು.

ಸೆಬಿಯ ನಿಯಮದಂತೆ 2013ರ ಜನವರಿ 1ರಿಂದ ಪ್ರತಿ ಯೋಜನೆಗೂ ಡೈರೆಕ್ಟ್ ಎಂಬ ಇನ್ನೊಂದು ಬಾಗಿಲು ತೆರೆಯಿತು. ಎರಡರಲ್ಲಿಯೂ ಕೊಳ್ಳುವ ಷೇರುಗಳು ಅವೇ, ನಿರ್ವಹಿಸುವವರೂ ಅವರೇ. ರೆಗ್ಯುಲರ್‌ನಲ್ಲಿ ಮಾತ್ರ ವಿತರಕರ ಕಮಿಷನ್ ಸೇರಿರುತ್ತದೆ. ಅದಕ್ಕೆ ಯಾರೂ ನಮಗೆ ಬಿಲ್ಲು ಕಳುಹಿಸುವುದಿಲ್ಲ. ಪ್ರತಿದಿನವೂ ಖರ್ಚಿನ ಬಾಬಿನಲ್ಲಿ ಕಳೆದು, ಉಳಿದುದನ್ನೇ ಎನ್.ಎ.ವಿ. ಎಂದು ಪ್ರಕಟಿಸುತ್ತಾರೆ. ಆದ್ದರಿಂದಲೇ ಡೈರೆಕ್ಟ್‌ನ ಎನ್.ಎ.ವಿ. ಹೆಚ್ಚಿರುತ್ತದೆ. ಅದನ್ನು ಕಂಡು "ಇದು ದುಬಾರಿ" ಎಂದು ಹಿಂಜರಿಯುವವರಿದ್ದಾರೆ; ಅದು ತಪ್ಪು ತಿಳಿವಳಿಕೆ.

ಹತ್ತು ಲಕ್ಷ ರೂಪಾಯಿ ಇಪ್ಪತ್ತು ವರ್ಷ ಬೆಳೆಯಿತೆಂದು ಊಹಿಸೋಣ. ವರ್ಷಕ್ಕೆ ಶೇ. 11ರಂತೆ ಬೆಳೆದರೆ ಸುಮಾರು 80.6 ಲಕ್ಷವಾಗುತ್ತದೆ, ಶೇ. 10ರಂತೆ ಬೆಳೆದರೆ 67.3 ಲಕ್ಷ. ಮೊದಲ ವರ್ಷ ಕೇವಲ ಹತ್ತು ಸಾವಿರದಷ್ಟಿದ್ದ ಅಂತರ ಕೊನೆಗೆ ಹದಿಮೂರು ಲಕ್ಷ ಮೀರಿತು. ಚಕ್ರಬಡ್ಡಿಯ ಪಾಠ ಇಲ್ಲಿ ನಮಗೆ ಎದುರಾಗಿ ನಿಂತಿರುತ್ತದೆ.

ಹಾಗಾದರೆ ಈ ಹಣ ಯಾವ ಕೆಲಸಕ್ಕೆ ಸಲ್ಲುತ್ತದೆ? ಅನೇಕರು ಇದನ್ನು ಸಲಹೆಯ ಶುಲ್ಕವೆಂದು ಭಾವಿಸಿದ್ದಾರೆ. ಕಾನೂನಿನ ದೃಷ್ಟಿಯಲ್ಲಿ ಹಾಗಲ್ಲ. ಕಮಿಷನ್ ಪಡೆಯುವವರು ವಿತರಕರು. ನಮ್ಮಿಂದಲೇ ಶುಲ್ಕ ಪಡೆದು ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿತರಾದ ಹೂಡಿಕೆ ಸಲಹೆಗಾರರು. ಒಬ್ಬನೇ ಗ್ರಾಹಕನಿಗೆ ಇವೆರಡನ್ನೂ ಒಬ್ಬರೇ ಮಾಡಬಾರದೆಂದು 2020ರಲ್ಲಿ ನಿಯಮವೇ ಬಂದಿತು. ಆದರೂ ಒಳ್ಳೆಯ ವಿತರಕರ ಕೆಲಸವನ್ನು ನಾನು ಹಗುರವಾಗಿ ಕಾಣಲಾರೆ. ಕೆ.ವೈ.ಸಿ. ಸರಿಪಡಿಸುವುದು, ನಾಮನಿರ್ದೇಶನ ಮಾಡಿಸುವುದು, ಮನೆಯ ಯಜಮಾನರು ತೀರಿಕೊಂಡಾಗ ಯೂನಿಟ್‌ಗಳನ್ನು ಪತ್ನಿಯ ಹೆಸರಿಗೆ ವರ್ಗಾಯಿಸಲು ಕಾಗದಪತ್ರಗಳನ್ನು ಹೊಂದಿಸಿಕೊಡುವುದು ಸಣ್ಣ ಕೆಲಸವಲ್ಲ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಇಪ್ಪತ್ತಾರು ಸಾವಿರಕ್ಕಿಂತ ಕೆಳಗಿಳಿದಾಗ "ಈಗ ಮಾರಬೇಡಿ" ಎಂದು ತಡೆದ ಒಂದು ದೂರವಾಣಿ ಕರೆ ಹಲವು ವರ್ಷಗಳ ಕಮಿಷನ್ನಿಗಿಂತ ಬೆಲೆಯುಳ್ಳದ್ದು.

ತೊಂದರೆ ಇರುವುದು ಕೂಲಿಯ ಅಳತೆಯಲ್ಲಿ. ಕಮಿಷನ್ ವರ್ಷಕ್ಕೆ ಶೇ. 0.8 ಎಂದುಕೊಂಡರೆ ಎರಡು ಲಕ್ಷ ತೊಡಗಿಸಿದವನಿಂದ 1,600 ರೂಪಾಯಿ ಹೋಗುತ್ತದೆ, ನಲವತ್ತು ಲಕ್ಷ ತೊಡಗಿಸಿದವನಿಂದ 32,000. ಕೆಲಸ ಮಾತ್ರ ಇಪ್ಪತ್ತು ಪಟ್ಟು ಹೆಚ್ಚುವುದಿಲ್ಲ. ಮಾರುಕಟ್ಟೆ ಗಾಬರಿ ಹುಟ್ಟಿಸುವ, ಅಂತರ್ಜಾಲ ಒಗ್ಗದ ಸಣ್ಣ ಹೂಡಿಕೆದಾರನಿಗೆ 1,600ಕ್ಕೆ ಅಷ್ಟು ನೆರವು ಬೇರೆಲ್ಲಿಯೂ ದೊರೆಯದು; ಅವನು ರೆಗ್ಯುಲರ್‌ನಲ್ಲಿಯೇ ಇರಲಿ. ನಲವತ್ತು ಲಕ್ಷದವನು ಡೈರೆಕ್ಟ್‌ನಲ್ಲಿದ್ದು, ಬೇಕಾದಾಗ ಶುಲ್ಕ ಕೊಟ್ಟು ಸಲಹೆ ಪಡೆಯುವುದೇ ನ್ಯಾಯ.

ನಿಮ್ಮ ಲೆಕ್ಕ ತಿಳಿಯುವುದು ಸುಲಭ. ಮಾರ್ಚ್ ಮತ್ತು ಸೆಪ್ಟೆಂಬರ್ ಅಂತ್ಯದ ಅರ್ಧವಾರ್ಷಿಕ ಒಟ್ಟುಪಟ್ಟಿಯಲ್ಲಿ ವಿತರಕರಿಗೆ ಸಂದ ಕಮಿಷನ್ ರೂಪಾಯಿಗಳಲ್ಲಿಯೇ ನಮೂದಾಗಿರುತ್ತದೆ. ಯೋಜನೆಯ ಹೆಸರಿನಲ್ಲಿ ‘ಡೈರೆಕ್ಟ್’ ಎಂದಿಲ್ಲದಿದ್ದರೆ ಅದು ರೆಗ್ಯುಲರ್ ಎಂದೇ ತಿಳಿಯಿರಿ. ವಿತರಕರ ಹೆಸರು ತೆಗೆಸಿದರೆ ಸಾಕೆಂದು ಕೆಲವರು ನಂಬಿದ್ದಾರೆ. ಹಳೆಯ ಯೂನಿಟ್‌ಗಳು ಅದರಿಂದ ಡೈರೆಕ್ಟ್ ಆಗುವುದಿಲ್ಲ, ಖರ್ಚೂ ಇಳಿಯುವುದಿಲ್ಲ.

ಬದಲಿಸುವುದೆಂದರೆ ಮಾರಿ ಮತ್ತೆ ಕೊಂಡಂತೆ. ಷೇರು ಫಂಡಿನಲ್ಲಿ ವರ್ಷ ತುಂಬದ ಯೂನಿಟ್‌ಗಳಿಗೆ ಸಾಮಾನ್ಯವಾಗಿ ಶೇ. 1ರಷ್ಟು ನಿರ್ಗಮನ ಶುಲ್ಕವಿದೆ, ಲಾಭದ ಮೇಲಿನ ತೆರಿಗೆಯೂ ಹೆಚ್ಚು. ವರ್ಷ ದಾಟಿದ ಲಾಭದಲ್ಲಿ 1.25 ಲಕ್ಷ ಬಿಟ್ಟು ಉಳಿದುದಕ್ಕೆ ಶೇ. 12.5 ತೆರಿಗೆ. ನಲವತ್ತು ಲಕ್ಷದಲ್ಲಿ ಹನ್ನೆರಡು ಲಕ್ಷ ಲಾಭವೆಂದರೆ, ಒಂದೇ ವರ್ಷದಲ್ಲಿ ಎಲ್ಲವನ್ನೂ ಬದಲಿಸಿದಾಗ ಸೆಸ್ ಬಿಟ್ಟೇ ಸುಮಾರು 1.34 ಲಕ್ಷ ತೆರಿಗೆ, ಅಂದರೆ ನಾಲ್ಕು ವರ್ಷಗಳ ಉಳಿತಾಯ. ಆದಕಾರಣ ಹೊಸ ಕಂತುಗಳನ್ನು ಇಂದೇ ಡೈರೆಕ್ಟ್‌ಗೆ ತಿರುಗಿಸಿ, ಹಳೆಯದನ್ನು ವರ್ಷವರ್ಷವೂ ವಿನಾಯಿತಿಯ ಮಿತಿಯೊಳಗೆ ಸಾಗಿಸುವುದು ಜಾಣತನ.

ಇದಕ್ಕೆಲ್ಲ ಮುನ್ನ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಕಳೆದ ವರ್ಷ ವಿತರಕರು ನಿಮಗಾಗಿ ಏನೇನು ಮಾಡಿದರೆಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ಮೊತ್ತವನ್ನು ಕೈಯಾರೆ ಎಣಿಸಿಕೊಡಲು ಮನಸ್ಸು ಒಪ್ಪುವುದಾದರೆ ಅಲ್ಲಿಯೇ ಇರಿ. ಒಪ್ಪದಿದ್ದರೆ ವಂದನೆ ಹೇಳಿ ಹೊರಡಿ.